ಮರದ ಪೆಟ್ಟಿಗೆಯಿಂದ ಎಡಕ್ಕೆ: ಇಂಗ್ಲಿಷ್ ಗುಣವಾಚಕಗಳನ್ನು ಜೋಡಿಸುವ ಬಗೆ

ಪ್ರಶ್ನೆ: ನನ್ನ ಮಗಳು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಾಳೆ. ಪದಗಳನ್ನು ಹಿಂದುಮುಂದಾಗಿ ಕೊಟ್ಟು ಸರಿಯಾಗಿ ಜೋಡಿಸಲು ಹೇಳುವ ಇಂಗ್ಲಿಷ್ ಪ್ರಶ್ನೆಯಲ್ಲಿ 'ಎ ವುಡನ್ ಓಲ್ಡ್ ಸ್ಮಾಲ್ ಬ್ರೌನ್ ಬ್ಯೂಟಿಫುಲ್ ಬಾಕ್ಸ್' ಎಂದು ಬರೆದು ಅಂಕ ಕಳೆದುಕೊಂಡಳು. "ಅರ್ಥ ಆಗ್ತದಲ್ಲ ಅಮ್ಮ, ಕನ್ನಡದಲ್ಲಿ ಹೇಗೆ ಹೇಳಿದರೂ ಆಗ್ತದೆ, ಇದರಲ್ಲೇನು ತಪ್ಪು?" ಎಂದು ಕೇಳುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ. ಸೂತ್ರ ಬಾಯಿಪಾಠ ಮಾಡಿಸುವುದನ್ನು ಬಿಟ್ಟರೆ ಬೇರೆ ದಾರಿ ಇದೆಯೇ ಸರ್? (ಓರ್ವ ತಾಯಿ, ಬದಿಯಡ್ಕ)

ಉತ್ತರ: ನಿಮ್ಮ ಮಗಳು ಬರೆದದ್ದು ತಪ್ಪೇನೋ ಹೌದು, ಆದರೆ ತೋಚಿದಂತೆ ಬರೆದ ತಪ್ಪಲ್ಲ. ಆ ಸಾಲನ್ನು ಇನ್ನೊಮ್ಮೆ ನೋಡಿ. ಇಂಗ್ಲಿಷ್ ಕೊನೆಯಲ್ಲಿ ಬಯಸುವ 'ವುಡನ್' ಆಕೆಯ ಸಾಲಿನಲ್ಲಿ ಮೊದಲು ಬಂದಿದೆ, ಇಂಗ್ಲಿಷ್ ಮೊದಲು ಬಯಸುವ 'ಬ್ಯೂಟಿಫುಲ್' ಕೊನೆಗೆ ಹೋಗಿದೆ. ಆಕೆಯ ಮನಸ್ಸಿನಲ್ಲಿ ಓಡಿದ್ದು "ಮರದ, ಹಳೆಯ, ಸಣ್ಣ, ಕಂದು ಬಣ್ಣದ, ಚಂದದ ಪೆಟ್ಟಿಗೆ" ಎಂಬ ಕನ್ನಡ. ಅದು ಒಳ್ಳೆಯ ಕನ್ನಡವೇ. ಪದಗಳನ್ನು ಇಂಗ್ಲಿಷಿಗೆ ತಂದಳು, ಸಾಲನ್ನು ಕನ್ನಡದ್ದೇ ಇಟ್ಟುಕೊಂಡಳು. ಇಂಗ್ಲಿಷ್ ಒಪ್ಪುವ ಸಾಲು ಹೀಗಿದೆ: 'ಎ ಬ್ಯೂಟಿಫುಲ್ ಸ್ಮಾಲ್ ಓಲ್ಡ್ ಬ್ರೌನ್ ವುಡನ್ ಬಾಕ್ಸ್'. ಅಂದರೆ ಮೊದಲು ನೋಡುವವರ ಅಭಿಪ್ರಾಯ, ಆಮೇಲೆ ಗಾತ್ರ, ಬಳಿಕ ವಯಸ್ಸು ಅಥವಾ ಹಳೆತನ, ನಂತರ ಬಣ್ಣ, ನಾಮಪದಕ್ಕೆ ತಾಗಿಕೊಂಡಂತೆ ವಸ್ತು ಯಾವುದರಿಂದ ಆದದ್ದು ಎಂಬುದು.

ಕನ್ನಡದಲ್ಲಿ ಹೇಗೆ ಹೇಳಿದರೂ ಆಗುತ್ತದೆ ಎಂಬ ಆಕೆಯ ಮಾತಿಗೆ ಕಾರಣವಿದೆ, ಮತ್ತು ಆ ಕಾರಣವನ್ನು ಹೇಳಿಕೊಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. 'ಮರದ' ಎಂಬಲ್ಲಿ ಷಷ್ಠೀ ವಿಭಕ್ತಿಯ ಪ್ರತ್ಯಯ ಇದೆ. ಆ ಪ್ರತ್ಯಯವೇ ಈ ಪದಕ್ಕೂ ಪೆಟ್ಟಿಗೆಗೂ ಇರುವ ಸಂಬಂಧವನ್ನು ಹಿಡಿದುಕೊಂಡಿರುತ್ತದೆ; ಹಾಗಾಗಿ ಪದವನ್ನು ಪೆಟ್ಟಿಗೆಯಿಂದ ನಾಲ್ಕು ಹೆಜ್ಜೆ ದೂರ ಇಟ್ಟರೂ ಸಂಬಂಧ ಕಳಚುವುದಿಲ್ಲ. "ಮರದ ಹಳೆಯ ಪೆಟ್ಟಿಗೆ" ಎಂದರೂ ಸರಿ, "ಹಳೆಯ ಮರದ ಪೆಟ್ಟಿಗೆ" ಎಂದರೂ ಸರಿ. ಎರಡನೆಯದರಲ್ಲಿ ಮರ ಹಳೆಯದೋ ಪೆಟ್ಟಿಗೆ ಹಳೆಯದೋ ಎಂಬ ಸಣ್ಣ ಅನುಮಾನ ಉಳಿಯುವುದರಿಂದ ಎಚ್ಚರದಿಂದ ಮಾತನಾಡುವವರು ಎಷ್ಟೋ ಸಲ ಮೊದಲನೆಯದನ್ನೇ ಆರಿಸುತ್ತಾರೆ. ಇಂಗ್ಲಿಷಿನ 'ಕಾಟನ್', 'ಸಿಲ್ಕ್', 'ಸ್ಟೀಲ್', 'ಬ್ರಾಸ್' ಮುಂತಾದ ಪದಗಳಿಗೆ ಇಂಥ ಪ್ರತ್ಯಯವಿಲ್ಲ. ಅವು ನಿಂತಿರುವ ಜಾಗವೇ ಅವುಗಳ ಪ್ರತ್ಯಯ. 'ವುಡನ್', 'ವುಲನ್' ಎಂಬ ಕೆಲವಕ್ಕೆ ಬಾಲವೊಂದು ಇದೆಯಾದರೂ ಅವೂ ಬಾಲವಿಲ್ಲದವುಗಳ ಸಾಲಿನಲ್ಲಿಯೇ ನಿಲ್ಲುತ್ತವೆ.

ಹಾಗೆಂದು ಕನ್ನಡದಲ್ಲಿ ಸಾಲಿನ ಕಟ್ಟುಪಾಡೇ ಇಲ್ಲ ಎಂದು ತಿಳಿಯಬಾರದು. ಪ್ರತ್ಯಯವನ್ನು ಕಳಚಿ ನೋಡಿದರೆ ನಮ್ಮ ಭಾಷೆಯೂ ಇಂಗ್ಲಿಷಿನಷ್ಟೇ ಬಿಗಿಯಾಗುತ್ತದೆ. "ರೇಷ್ಮೆಯ ಕೆಂಪು ಸೀರೆ" ಎನ್ನಬಹುದು, "ಕೆಂಪು ರೇಷ್ಮೆ ಸೀರೆ" ಎನ್ನಬಹುದು; ಆದರೆ "ರೇಷ್ಮೆ ಕೆಂಪು ಸೀರೆ" ಎಂದು ಅಂಗಡಿಯಲ್ಲಿ ಕೇಳಿದರೆ ಮಾರುವವರು ಒಂದು ಗಳಿಗೆ ಮುಖ ನೋಡುತ್ತಾರೆ. "ಹಳೆ ಹಿತ್ತಾಳೆ ಕೊಡಪಾನ" ಸರಿ, "ಹಿತ್ತಾಳೆ ಹಳೆ ಕೊಡಪಾನ" ಕಿವಿಗೆ ಕುಟುಕುತ್ತದೆ. ಪ್ರತ್ಯಯ ಬಿದ್ದುಹೋದಾಗ 'ರೇಷ್ಮೆ'ಯೂ 'ಸೀರೆ'ಯೂ ಸಮಾಸದ ಹಾಗೆ ಅಂಟಿಕೊಳ್ಳುತ್ತವೆ, ನಡುವೆ ಬಣ್ಣಕ್ಕೋ ಹಳೆತನಕ್ಕೋ ಜಾಗ ಉಳಿಯುವುದಿಲ್ಲ. ನಾನು ತರಗತಿಯಲ್ಲಿ ಈ ಪಾಠವನ್ನು ಆರಂಭಿಸುತ್ತಿದ್ದದ್ದು ಇಂಗ್ಲಿಷಿನಿಂದಲ್ಲ, ಇದೇ ರೇಷ್ಮೆ ಸೀರೆಯಿಂದ. ಇಂಗ್ಲಿಷಿನಲ್ಲಿ ವಸ್ತುವಾಚಕ ಯಾವಾಗಲೂ ಪ್ರತ್ಯಯ ಬಿದ್ದುಹೋದ 'ರೇಷ್ಮೆ'ಯ ಸ್ಥಿತಿಯಲ್ಲಿಯೇ ಇರುತ್ತದೆ ಎಂದು ಒಮ್ಮೆ ಹೊಳೆದರೆ 'ವುಡನ್ ಓಲ್ಡ್ ಬಾಕ್ಸ್' ಎಂಬುದು "ರೇಷ್ಮೆ ಕೆಂಪು ಸೀರೆ"ಯಂತೆಯೇ ಮಗುವಿನ ಕಿವಿಗೂ ಕುಟುಕಲು ತೊಡಗುತ್ತದೆ. ಕಾಸರಗೋಡು ಸೀರೆಯನ್ನು ಬಲ್ಲ ಮನೆಯಾದರೆ "ಹೊಸ ಬಿಳಿ ಹತ್ತಿ ಸೀರೆ" ಎಂಬುದನ್ನು 'ಎ ನ್ಯೂ ವೈಟ್ ಕಾಟನ್ ಸಾರಿ' ಎಂದು ಒಂದು ಪದವನ್ನೂ ಅದಲುಬದಲು ಮಾಡದೆ ಬರೆಸಬಹುದು. ಅಲ್ಲಿ ಎರಡು ಭಾಷೆಗಳ ಸಾಲೂ ಒಂದೇ.

ಈ ಕಾರಣಕ್ಕಾಗಿಯೇ ಜೋಡಣೆಯನ್ನು ಬಲಗಡೆಯ ನಾಮಪದದಿಂದ ಆರಂಭಿಸಿ ಎಡಕ್ಕೆ ಕಟ್ಟುತ್ತ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಎಡದಿಂದ ಹೊರಟ ಮಗು 'ಎ' ಬರೆದ ಕೂಡಲೇ ಐದು ಪದಗಳ ಎದುರು ನಿಂತು ಯಾವುದನ್ನು ಎತ್ತಿಕೊಳ್ಳಲಿ ಎಂದು ತಡವರಿಸುತ್ತದೆ. ಬಲದಿಂದ ಹೊರಟ ಮಗುವಿನ ಕೈಗೆ ಗಟ್ಟಿಯಾದ ಹಿಡಿಕೆ ಮೊದಲೇ ಸಿಗುತ್ತದೆ. ನಮ್ಮ ಕೇರಳದ ಪ್ರಾಥಮಿಕ ತರಗತಿಗಳಲ್ಲಿ 'ವರ್ಡ್ ಪಿರಮಿಡ್' ಬರೆಸುವ ರೂಢಿ ಇದೆ. ನಿಮ್ಮ ಮಗಳೂ ಅದನ್ನು ಬರೆದಿರುತ್ತಾಳೆ. ಮೇಲಿನ ಸಾಲಿನಲ್ಲಿ 'ಟ್ರೀ', ಅದರ ಕೆಳಗೆ 'ಎ ಟ್ರೀ', ಮತ್ತೆ 'ಎ ಬಿಗ್ ಟ್ರೀ' ಎಂದು ಪದಗಳು ಸೇರುತ್ತ ಸೇರುತ್ತ ಸಾಲು ಅಗಲವಾಗುತ್ತದೆ. ಅದೇ ಪಿರಮಿಡ್ಡನ್ನು ಪೆಟ್ಟಿಗೆಗೆ ಕಟ್ಟಿಸಿ, ಪ್ರತಿ ಸಾಲಿಗೂ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿ. 'ಬಾಕ್ಸ್' ಬರೆದಾಯಿತು. ಯಾವುದರಿಂದ ಮಾಡಿದ್ದು? 'ವುಡನ್ ಬಾಕ್ಸ್'. ಯಾವ ಬಣ್ಣ? 'ಬ್ರೌನ್ ವುಡನ್ ಬಾಕ್ಸ್'. ಎಷ್ಟು ಹಳತು? 'ಓಲ್ಡ್ ಬ್ರೌನ್ ವುಡನ್ ಬಾಕ್ಸ್'. ಎಷ್ಟು ದೊಡ್ಡದು? 'ಸ್ಮಾಲ್ ಓಲ್ಡ್ ಬ್ರೌನ್ ವುಡನ್ ಬಾಕ್ಸ್'. ನಿನಗೆ ಹೇಗೆ ಕಂಡಿತು? 'ಬ್ಯೂಟಿಫುಲ್ ಸ್ಮಾಲ್ ಓಲ್ಡ್ ಬ್ರೌನ್ ವುಡನ್ ಬಾಕ್ಸ್'. ಎಲ್ಲ ಮುಗಿದ ಮೇಲೆ ಎಡತುದಿಗೆ 'ಎ'. ಹೀಗೆ ಕಟ್ಟಿಸುವಾಗ ಹೊಸ ಪದ ಬರುವುದು ಯಾವಾಗಲೂ ಎಡಗಡೆಗೆ ಮಾತ್ರ. ಒಮ್ಮೆ ಕುಳಿತ ಪದಗಳನ್ನು ಮತ್ತೆ ಕದಲಿಸಬಾರದು.

ಯಾವ ಪದ ಯಾವ ಪ್ರಶ್ನೆಗೆ ಉತ್ತರ ಎಂದು ಅನುಮಾನ ಬಂದಾಗ ಎರಡು ಪರೀಕ್ಷೆಗಳಿವೆ. ಮೊದಲನೆಯದು 'ತುಂಬಾ' ಎಂಬ ಪದವನ್ನು ಹಿಂದೆ ಸೇರಿಸಿ ನೋಡುವುದು. ತುಂಬಾ ಚಂದದ, ತುಂಬಾ ಸಣ್ಣ, ತುಂಬಾ ಹಳೆಯ ಎನ್ನಬಹುದು. 'ತುಂಬಾ ಕಂದು' ಎನ್ನುವಾಗ ನಾಲಿಗೆ ತುಸು ಹಿಂಜರಿಯುತ್ತದೆ. 'ತುಂಬಾ ಮರದ' ಎನ್ನಲು ಸಾಧ್ಯವೇ ಇಲ್ಲ. ಇಂಗ್ಲಿಷಿನ 'ವೆರಿ' ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. 'ತುಂಬಾ'ವನ್ನು ಒಪ್ಪದ ಪದದ ಜಾಗ ನಾಮಪದದ ಮಗ್ಗುಲಲ್ಲಿ. ಎರಡನೆಯದು ಜಗಳದ ಪರೀಕ್ಷೆ: ಈ ಪದದ ಬಗ್ಗೆ ಇಬ್ಬರು ವಾದ ಮಾಡಬಹುದೇ? ಪೆಟ್ಟಿಗೆ ಲಾಯ್ಕುಂಟು ಎಂದು ಒಬ್ಬರೂ, ಎಂಥದ್ದೂ ಇಲ್ಲ ಎಂದು ಮತ್ತೊಬ್ಬರೂ ಸಂಜೆಯವರೆಗೆ ವಾದಿಸಬಹುದು. ಸಣ್ಣದೇ ಎಂಬುದು ಬದಿಯಲ್ಲಿ ಇನ್ನಾವ ಪೆಟ್ಟಿಗೆ ಇದೆ ಎಂಬುದರ ಮೇಲೆ ಹೋಗುತ್ತದೆ. ಮರದ್ದೇ ಎಂಬುದಕ್ಕೆ ಮುಟ್ಟಿ ನೋಡಿದರೆ ಸಾಕು. ವಾದಕ್ಕೆ ಹೆಚ್ಚು ಎಡೆಯಿರುವ ಪದ ನಾಮಪದದಿಂದ ಹೆಚ್ಚು ದೂರ, ಎಡೆಯೇ ಇಲ್ಲದ್ದು ಅತಿ ಹತ್ತಿರ. ನಮ್ಮ ಕಡೆಯ 'ಲಾಯ್ಕು' ಎಂಬ ಒಂದೇ ಮಾತಿಗೆ ಇಂಗ್ಲಿಷಿನ 'ನೈಸ್', 'ಲವ್ಲಿ', 'ಬ್ಯೂಟಿಫುಲ್', 'ಫೈನ್' ಇವೆಲ್ಲ ಹೊಂದುತ್ತವೆ. ಯಾವ ಪದಕ್ಕೆ 'ಲಾಯ್ಕದ' ಅಥವಾ 'ಕೆಟ್ಟ' ಎಂಬ ಅರ್ಥ ಬರುತ್ತದೋ ಅದು ಅಭಿಪ್ರಾಯದ ಗುಂಪಿನದು ಎಂದು ಹೇಳಿಕೊಟ್ಟರೆ ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ.

ಈ ಪರೀಕ್ಷೆಗಳು ಸಾಲಿನ ಎರಡು ತುದಿಗಳನ್ನು, ಅಂದರೆ ಅಭಿಪ್ರಾಯವನ್ನೂ ವಸ್ತುವನ್ನೂ, ಚೆನ್ನಾಗಿ ತೋರಿಸಿಕೊಡುತ್ತವೆ. ನಡುವಿನ ಮೂರರಲ್ಲಿ ಗಾತ್ರವು ವಯಸ್ಸಿಗಿಂತ ಮೊದಲೇ ಯಾಕೆ ಬರಬೇಕು ಎಂದು ಕೇಳಿದರೆ ಅವು ಗಟ್ಟಿಯಾದ ಉತ್ತರ ಕೊಡುವುದಿಲ್ಲ. ಅದು ಬಹುಮಟ್ಟಿಗೆ ಆ ಭಾಷೆಯ ರೂಢಿ. ಗಾತ್ರ, ವಯಸ್ಸು, ಬಣ್ಣ ಎಂಬ ಈ ಮೂರನ್ನು ಮಾತ್ರ ರೂಢಿಯೆಂದೇ ಕಲಿಸಬೇಕು. 'ಬಿಗ್ ಓಲ್ಡ್ ಬ್ಲ್ಯಾಕ್' ಎಂದು ಮೂರು ಪದಗಳನ್ನು ಹತ್ತು ಸಲ ಗಟ್ಟಿಯಾಗಿ ಹೇಳಿಸಿದರೆ ಸಾಕು, ಬೇರೆ ಸೂತ್ರ ಬೇಡ. ರೂಢಿ ಎಂದಮೇಲೆ ಅದನ್ನು ಮೀರುವ ಮಾತುಗಳೂ ಇರುತ್ತವೆ. ಮಕ್ಕಳ ಕತೆಗಳಲ್ಲಿ ಬರುವ 'ಬಿಗ್ ಬ್ಯಾಡ್ ವುಲ್ಫ್' ಅಂಥದ್ದು. ಅಲ್ಲಿ ಗಾತ್ರ ಮೊದಲು ಬಂದು ಅಭಿಪ್ರಾಯ ಹಿಂದೆ ಬಿದ್ದಿದೆ. 'ಜಿಗ್ ಜ್ಯಾಗ್', 'ಡಿಂಗ್ ಡಾಂಗ್' ಎಂಬಲ್ಲಿ ಇಕಾರ ಮೊದಲು ಬರುವಂತೆ ಇಲ್ಲಿಯೂ ಸದ್ದಿನ ಸೊಗಸು ಸಾಲನ್ನು ಬದಲಿಸಿದೆ ಎಂದು ಇದಕ್ಕೆ ಕಾರಣ ಹೇಳುವುದುಂಟು. ತೋಳನ ಕತೆ ಓದಿದ ಚುರುಕಾದ ಮಗು ಕೇಳಿಯೇ ಕೇಳುತ್ತದೆಂದು ಇದನ್ನು ಹೇಳಿದೆ. ಪರೀಕ್ಷೆಯಲ್ಲಿ ಇದು ಬರುವುದು ಅಪರೂಪ.

ಈಗ ಇಡೀ ವಾಕ್ಯವನ್ನೇ ಕಲಸಿ ಕೊಟ್ಟ ಸಂದರ್ಭಕ್ಕೆ ಬರೋಣ. ಅಲ್ಲಿಯೇ ಹೆಚ್ಚು ಮಕ್ಕಳು ಎಡವುತ್ತಾರೆ. ಪದಗಳು ಹೀಗಿವೆಯೆಂದು ಇಟ್ಟುಕೊಳ್ಳಿ: 'ವುಡನ್, ಬಾಟ್, ಸ್ಮಾಲ್, ಮೈ, ಬ್ರೌನ್, ಗ್ರ್ಯಾಂಡ್‌ಮದರ್, ಎ, ಓಲ್ಡ್, ಬಾಕ್ಸ್, ಬ್ಯೂಟಿಫುಲ್'. ಹತ್ತು ಪದಗಳು. ಗುಣವಾಚಕಗಳನ್ನು ಮೊದಲು ಮುಟ್ಟಬಾರದು. ಮೊದಲು ಕ್ರಿಯಾಪದವನ್ನು ಹುಡುಕಿ. ಇಲ್ಲಿ ಅದು 'ಬಾಟ್', ಕೊಂಡುಕೊಂಡಳು. ಕೊಂಡವರು ಯಾರು, ಕೊಂಡದ್ದು ಏನು ಎಂದು ಕೇಳಿದರೆ ಎರಡು ನಾಮಪದಗಳು ತಾವಾಗಿ ಹೊರಬರುತ್ತವೆ: ಅಜ್ಜಿ ಮತ್ತು ಪೆಟ್ಟಿಗೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದು, ಇಂಗ್ಲಿಷಿನಲ್ಲಿ ನಡುವೆ ಬರುವುದು. ಹಾಗಾಗಿ ಹಾಳೆಯ ಮೇಲೆ 'ಗ್ರ್ಯಾಂಡ್‌ಮದರ್' 'ಬಾಟ್' 'ಬಾಕ್ಸ್' ಎಂದು ಮೂರನ್ನು ನಡುನಡುವೆ ಜಾಗ ಬಿಟ್ಟು ಬರೆದುಕೊಳ್ಳಲಿ. ಮುಂದೆ 'ಎ' ಮತ್ತು 'ಮೈ'. ಇವೆರಡೂ ಒಂದೇ ನಾಮಪದದ ಮುಂದೆ ಒಟ್ಟಿಗೆ ನಿಲ್ಲುವಂಥವಲ್ಲ, ಆದ್ದರಿಂದ ಒಂದೊಂದು ಒಂದೊಂದು ನಾಮಪದಕ್ಕೆ ಹೋಗಬೇಕು. 'ಮೈ' ಅಜ್ಜಿಗೆ, 'ಎ' ಪೆಟ್ಟಿಗೆಗೆ. ಈಗ 'ಮೈ ಗ್ರ್ಯಾಂಡ್‌ಮದರ್ ಬಾಟ್ ಎ ... ಬಾಕ್ಸ್' ಎಂಬ ಚೌಕಟ್ಟು ನಿಂತಿತು. ಉಳಿದ ಐದು ಪದಗಳನ್ನು ಮೇಲೆ ಹೇಳಿದ ಪಿರಮಿಡ್ಡಿನ ಕ್ರಮದಲ್ಲಿ ಆ ತೆರಪಿನೊಳಗೆ ಬಲದಿಂದ ಎಡಕ್ಕೆ ಇಳಿಸಿದರೆ 'ಮೈ ಗ್ರ್ಯಾಂಡ್‌ಮದರ್ ಬಾಟ್ ಎ ಬ್ಯೂಟಿಫುಲ್ ಸ್ಮಾಲ್ ಓಲ್ಡ್ ಬ್ರೌನ್ ವುಡನ್ ಬಾಕ್ಸ್' ಎಂದಾಗುತ್ತದೆ.

'ಎ'ಯ ಜಾಗದ ಬಗ್ಗೆ ಒಂದು ಎಚ್ಚರಿಕೆ. ಕನ್ನಡದ 'ಒಂದು' ಸಾಲಿನಲ್ಲಿ ಸ್ವತಂತ್ರವಾಗಿ ಓಡಾಡುತ್ತದೆ. "ಚಂದದ ಒಂದು ಮರದ ಪೆಟ್ಟಿಗೆ" ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಅದೇ ಅಭ್ಯಾಸದಿಂದ 'ಬ್ಯೂಟಿಫುಲ್ ಎ ವುಡನ್ ಬಾಕ್ಸ್' ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ಕಂಡಿದ್ದೇನೆ. ಈ ಅಭ್ಯಾಸಗಳಲ್ಲಿ ಬರುವಂಥ ಪದಗುಚ್ಛದಲ್ಲಿ 'ಎ', 'ಆ್ಯನ್', 'ದ', 'ಮೈ' ಇವು ಎಲ್ಲ ಗುಣವಾಚಕಗಳಿಗಿಂತ ಎಡಕ್ಕೆ, ಬಾಗಿಲಲ್ಲಿ ನಿಲ್ಲುತ್ತವೆ. ಸಂಖ್ಯೆಯಿದ್ದರೆ ಅದು ಬಾಗಿಲಿನ ಒಳಗೆ, ಅಭಿಪ್ರಾಯಕ್ಕಿಂತ ಮೊದಲು: 'ಮೈ ಟೂ ಸ್ಮಾಲ್ ಬ್ಲ್ಯಾಕ್ ಗೋಟ್ಸ್'.

ಅಜ್ಜಿಯ ವಾಕ್ಯದಲ್ಲಿ ಒಂದು ತೊಡಕು ಉಳಿದಿದೆ, ಅದನ್ನು ಗಮನಿಸಿದಿರೋ ಇಲ್ಲವೋ. ಮಗು 'ಓಲ್ಡ್' ಎಂಬುದನ್ನು ಪೆಟ್ಟಿಗೆಗೆ ಕೊಡದೆ ಅಜ್ಜಿಗೆ ಕೊಟ್ಟು 'ಮೈ ಓಲ್ಡ್ ಗ್ರ್ಯಾಂಡ್‌ಮದರ್ ಬಾಟ್ ಎ ಬ್ಯೂಟಿಫುಲ್ ಸ್ಮಾಲ್ ಬ್ರೌನ್ ವುಡನ್ ಬಾಕ್ಸ್' ಎಂದು ಬರೆದರೆ? ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ, ಗುಣವಾಚಕಗಳ ಸಾಲೂ ಕೆಟ್ಟಿಲ್ಲ. ಇದು ಮಗುವಿನ ತಪ್ಪಲ್ಲ, ಪ್ರಶ್ನೆ ತಯಾರಿಸಿದವರ ತಪ್ಪು. ಈ ತಪ್ಪನ್ನು ನಾನೇ ಮಾಡಿದ್ದೇನೆ. ಒಮ್ಮೆ ತರಗತಿ ಪರೀಕ್ಷೆಗೆ 'ಓಲ್ಡ್, ಎ, ಸೋಲ್ಡ್, ಬಫಲೋ, ದ, ಬ್ಲ್ಯಾಕ್, ಫಾರ್ಮರ್, ಬಿಗ್' ಎಂದು ಕೊಟ್ಟಿದ್ದೆ. ಮುದಿ ರೈತನೊಬ್ಬ ದೊಡ್ಡ ಕರಿ ಎಮ್ಮೆಯನ್ನು ಮಾರಿದ ಎಂಬುದು ನನ್ನ ಮನಸ್ಸಿನಲ್ಲಿದ್ದ ಉತ್ತರ. ಒಬ್ಬ ಹುಡುಗ 'ದ ಫಾರ್ಮರ್ ಸೋಲ್ಡ್ ಎ ಬಿಗ್ ಓಲ್ಡ್ ಬ್ಲ್ಯಾಕ್ ಬಫಲೋ' ಎಂದು ಬರೆದ. ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಆತ ಮೇಜಿನ ಹತ್ತಿರ ಬಂದು, "ಸರ್, ಮುದಿಯಾದದ್ದು ಎಮ್ಮೆ, ಹಾಲು ಕೊಡದ್ದಕ್ಕೇ ಅಲ್ಲವಾ ಮಾರಿದ್ದು?" ಎಂದ. ವ್ಯಾಕರಣವೂ ಅವನ ಕಡೆಗಿತ್ತು, ಲೋಕಜ್ಞಾನವೂ ಅವನ ಕಡೆಗಿತ್ತು. ಅಂಕ ಕೊಟ್ಟೆ. ಅಂದಿನಿಂದ ಪ್ರಶ್ನೆ ತಯಾರಿಸುವಾಗ ಕರ್ತೃವಿನ ಜಾಗಕ್ಕೆ 'ಹೀ', 'ಶೀ', 'ದೇ' ಇವುಗಳಲ್ಲಿ ಒಂದನ್ನು ಇಡತೊಡಗಿದೆ. ಸರ್ವನಾಮದ ಮುಂದೆ ಇಂಥ ಗುಣವಾಚಕಗಳು ಬಂದು ನಿಲ್ಲುವುದಿಲ್ಲ, ಆದ್ದರಿಂದ ಎಲ್ಲವೂ ಇರುವ ಒಂದೇ ನಾಮಪದಕ್ಕೆ ಹೋಗಬೇಕಾಗುತ್ತದೆ. ಮನೆಯಲ್ಲಿ ಅಭ್ಯಾಸ ಕೊಡುವಾಗ ನೀವೂ ಹಾಗೆ ಮಾಡಿ. ಪರೀಕ್ಷೆಯಲ್ಲಿ ಎರಡು ನಾಮಪದಗಳಿರುವ ಪ್ರಶ್ನೆಯೇ ಬಂದರೆ, ವಸ್ತುವಾಚಕವನ್ನು ಹೊತ್ತ ನಾಮಪದಕ್ಕೆ ಉಳಿದವನ್ನೂ ಕೊಡುವುದು ಜಾಣತನ; ಪ್ರಶ್ನೆ ಮಾಡಿದವರು ಸಾಲು ಕಟ್ಟಿಸಲು ಆರಿಸಿಕೊಂಡ ನಾಮಪದ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಕೊಟ್ಟ ಪದಗಳಲ್ಲಿ 'ಎ' ಇದೆಯೋ 'ಆ್ಯನ್' ಇದೆಯೋ ಎಂಬುದು ಒಂದು ಸುಳಿವು, ಹೆಚ್ಚಿನ ಮಕ್ಕಳು ಅದನ್ನು ನೋಡಿಯೂ ನೋಡದೆ ಬಿಡುತ್ತಾರೆ. 'ಆ್ಯನ್' ಇದ್ದರೆ ಅದರ ಬಲಕ್ಕೆ ಬರುವ ಪದ ಸ್ವರದ ಸದ್ದಿನಿಂದ ಆರಂಭವಾಗಲೇಬೇಕು. 'ಆ್ಯನ್, ಬ್ಲ್ಯಾಕ್, ಅಗ್ಲಿ, ಡಾಗ್, ಲಿಟ್ಲ್' ಎಂದು ಕೊಟ್ಟಿದ್ದರೆ ಸೂತ್ರ ಮರೆತ ಮಗುವೂ 'ಆ್ಯನ್ ಅಗ್ಲಿ' ಎಂದು ಮೊದಲು ಅಂಟಿಸಬಹುದು, ಏಕೆಂದರೆ ಬೇರಾವ ಪದವೂ ಅಲ್ಲಿ ಕೂರದು. ಉಳಿದವು 'ಲಿಟ್ಲ್ ಬ್ಲ್ಯಾಕ್ ಡಾಗ್'. ನಮ್ಮ ಮಕ್ಕಳಿಗೆ ಇಲ್ಲಿ ಕನ್ನಡ ಲಿಪಿಯೇ ಸಹಾಯಕ್ಕೆ ಬರುತ್ತದೆ. ಪದವನ್ನು ಕನ್ನಡದಲ್ಲಿ ಬರೆದು ನೋಡಿದಾಗ ಮೊದಲಕ್ಷರ ಸ್ವರವಾದರೆ 'ಆ್ಯನ್', ವ್ಯಂಜನವಾದರೆ 'ಎ'. 'ಅಗ್ಲಿ', 'ಓಲ್ಡ್', 'ಇಂಟರೆಸ್ಟಿಂಗ್' ಸ್ವರದವು. 'ಯೂಸ್‌ಫುಲ್' ಇಂಗ್ಲಿಷ್ ಅಕ್ಷರದಲ್ಲಿ ಸ್ವರದಂತೆ ಕಂಡರೂ ಕನ್ನಡದಲ್ಲಿ ಯಕಾರದಿಂದ ಹೊರಡುತ್ತದೆ, ಆದ್ದರಿಂದ 'ಎ ಯೂಸ್‌ಫುಲ್'. ಆದರೆ ಉಚ್ಚಾರ ಶುದ್ಧವಾಗಿರಬೇಕು. ಪದದ ಮೊದಲ ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಸೇರಿಸಿ 'ಯೆಕ್ಸ್‌ಪೆನ್ಸಿವ್', 'ವೋಲ್ಡ್' ಎನ್ನುವ ನಮ್ಮ ನಾಲಿಗೆಯ ಚಾಳಿ ಉಳಿದರೆ ಈ ಉಪಾಯ ತಿರುಗಿ ಬೀಳುತ್ತದೆ.

ಇನ್ನು ಗುಂಪು ಗೊತ್ತಾಗದೆ ಮೋಸ ಮಾಡುವ ಕೆಲವು ಪದಗಳಿವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ನಾಮಪದವೂ ಆಗಬಲ್ಲ ವಸ್ತುವಾಚಕ. 'ಗ್ಲಾಸ್, ಬಾಟಲ್, ಎ, ಗ್ರೀನ್, ಲಾಂಗ್' ಎಂದು ಕೊಟ್ಟರೆ 'ಗ್ಲಾಸ್' ಎಂದರೆ ಲೋಟ ಎಂದಷ್ಟೇ ತಿಳಿದ ಮಗು ಇಲ್ಲಿ ಎರಡು ಪಾತ್ರೆಗಳಿವೆಯೆಂದು ಗೊಂದಲಗೊಂಡು 'ಎ ಲಾಂಗ್ ಗ್ರೀನ್ ಬಾಟಲ್ ಗ್ಲಾಸ್' ಎಂದು ಬರೆಯುತ್ತದೆ. "ಗಾಜಿನ ಬಾಟಲಿಯೋ, ಬಾಟಲಿಯ ಗಾಜೋ?" ಎಂದು ಕನ್ನಡದಲ್ಲಿ ಎರಡೂ ಕಡೆಯಿಂದ ಕೇಳಿಸಿ; ಷಷ್ಠೀ ಪ್ರತ್ಯಯ ಸಹಜವಾಗಿ ಯಾವುದಕ್ಕೆ ಹತ್ತುತ್ತದೋ ಅದು ಎಡಕ್ಕೆ. 'ಸ್ಟೋನ್ ವಾಲ್', 'ಸ್ಟೀಲ್ ಪ್ಲೇಟ್', 'ಲೆದರ್ ಬ್ಯಾಗ್' ಎಲ್ಲಕ್ಕೂ ಇದೇ ಮಾತು. ನಮ್ಮ ಹಳೆಯ ಮನೆಗಳ ಮುರಕಲ್ಲಿನ ಗೋಡೆಯನ್ನು ತೋರಿಸಿ 'ಆ್ಯನ್ ಓಲ್ಡ್ ರೆಡ್ ಸ್ಟೋನ್ ವಾಲ್' ಎಂದು ಬರೆಸಿದರೆ ವಯಸ್ಸು, ಬಣ್ಣ, ವಸ್ತು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ.

'ಗೋಲ್ಡ್' ಮತ್ತು 'ಗೋಲ್ಡನ್' ಬೇರೆಯಾಗಿ ತಿಳಿದಿರಲಿ. ಚಿನ್ನದಿಂದ ಮಾಡಿದ ಉಂಗುರಕ್ಕೆ ಇಂದಿನ ಇಂಗ್ಲಿಷಿನಲ್ಲಿ ಹೆಚ್ಚಾಗಿ 'ಗೋಲ್ಡ್ ರಿಂಗ್' ಎನ್ನುತ್ತಾರೆ. 'ಗೋಲ್ಡನ್' ಎಂಬುದು ಹೊಂಬಣ್ಣಕ್ಕೆ ಅಥವಾ ಸುವರ್ಣಾವಕಾಶದಂಥ ಆಲಂಕಾರಿಕ ಮಾತಿಗೆ ಹೆಚ್ಚು ಹೊಂದುವುದು. ಹಾಗಾಗಿ 'ಗೋಲ್ಡನ್' ಎಂಬುದು ಕೂದಲಿನ ಜೊತೆ ಬಂದರೆ ಬಣ್ಣದ ಜಾಗದಲ್ಲಿ ಕೂರಿಸಬೇಕು. 'ಡಾರ್ಕ್ ಬ್ಲೂ', 'ಲೈಟ್ ಗ್ರೀನ್' ಇಂಥಲ್ಲಿ ಎರಡು ಪದಗಳು ಸೇರಿ ಒಂದೇ ಬಣ್ಣ. ಕಡುನೀಲಿ, ತಿಳಿಹಸಿರು ಎಂದು ನಾವು ಕೂಡಿಸಿ ಬರೆಯುವುದನ್ನು ನೆನಪಿಸಿದರೆ ಮಗು ಅವುಗಳನ್ನು ಬಿಡಿಸುವುದಿಲ್ಲ. ಕೊಟ್ಟ ಪದಗಳ ನಡುವೆ 'ಆ್ಯಂಡ್' ಕಂಡರೆ ಒಂದೇ ಗುಂಪಿನ ಎರಡು ಪದಗಳಿವೆಯೇ ಎಂದು ಮೊದಲು ಹುಡುಕಬೇಕು. 'ಎ ಬಿಗ್ ಬ್ಲ್ಯಾಕ್ ಆ್ಯಂಡ್ ವೈಟ್ ಕೌ' ಎಂಬಲ್ಲಿ ಬಣ್ಣಗಳು ಎರಡು, ಗುಂಪು ಒಂದು. ಬೇರೆ ಬೇರೆ ಗುಂಪಿನ ಪದಗಳ ನಡುವೆ 'ಆ್ಯಂಡ್' ಬೇಡ, ಅಲ್ಪವಿರಾಮವೂ ಸಾಮಾನ್ಯವಾಗಿ ಬೇಡ. ಈ ಕಟ್ಟುಪಾಡೆಲ್ಲ ಗುಣವಾಚಕ ನಾಮಪದದ ಎಡಕ್ಕೆ ಇದ್ದಾಗಿನ ಮಾತು; 'ದ ಬಾಕ್ಸ್ ಈಸ್ ಓಲ್ಡ್ ಆ್ಯಂಡ್ ಬ್ಯೂಟಿಫುಲ್' ಎಂದು 'ಈಸ್' ಆದ ಮೇಲೆ ಬಂದರೆ ಯಾವುದು ಮೊದಲು ಎಂಬ ನಿರ್ಬಂಧ ಸಡಿಲವಾಗುತ್ತದೆ.

ಬಾಯಿಪಾಠದ ಸೂತ್ರದ ವಿಷಯ. ಗೈಡುಗಳಲ್ಲಿ 'ಓಸಾಸ್ಕಾಂಪ್' ಎಂಬ ಸೂತ್ರ ಇರುತ್ತದೆ: ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ವಸ್ತು, ಉದ್ದೇಶ ಎಂಬ ಎಂಟು ಗುಂಪುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳು. ಇದು ಸುಳ್ಳೇನಲ್ಲ, ಆದರೆ ನನಗೆ ಅಷ್ಟು ಹಿಡಿಸಿದ್ದೂ ಅಲ್ಲ. ಅದರಲ್ಲಿ 'ಓ' ಎರಡು ಸಲ ಬರುತ್ತದೆ, ಒಂದು ಅಭಿಪ್ರಾಯಕ್ಕೆ, ಇನ್ನೊಂದು ಮೂಲಕ್ಕೆ. 'ಎಸ್' ಎರಡು ಸಲ, ಒಂದು ಗಾತ್ರಕ್ಕೆ, ಇನ್ನೊಂದು ಆಕಾರಕ್ಕೆ. ಸೂತ್ರ ನೆನಪಿದ್ದೂ ಯಾವ 'ಓ' ಯಾವುದೆಂದು ಮರೆತ ಮಗು ಪರೀಕ್ಷೆಯ ಕೋಣೆಯಲ್ಲಿ ಸೂತ್ರವಿಲ್ಲದ ಮಗುವಿಗಿಂತ ಹೆಚ್ಚು ತೊಳಲಾಡುತ್ತದೆ. ಸಾಲದ್ದಕ್ಕೆ ವಯಸ್ಸು ಮೊದಲೋ ಆಕಾರ ಮೊದಲೋ ಎಂಬಲ್ಲಿ ವ್ಯಾಕರಣ ಪುಸ್ತಕಗಳೇ ಒಂದು ಮಾತಿಗೆ ಬಂದಿಲ್ಲ; ಕೆಲವು 'ಓಲ್ಡ್ ರೌಂಡ್' ಎನ್ನುತ್ತವೆ, ಕೆಲವು 'ರೌಂಡ್ ಓಲ್ಡ್' ಎನ್ನುತ್ತವೆ. ಅಂಥಲ್ಲಿ ಶಾಲೆಯ ಪಠ್ಯದಲ್ಲಿ ಯಾವುದಿದೆಯೋ ಅದನ್ನೇ ಬರೆಯುವುದು ಕ್ಷೇಮ. ನಿಮ್ಮ ಮಗಳಿಗೆ ಸದ್ಯಕ್ಕೆ ಬೇಕಾದದ್ದು ಐದು ಗುಂಪುಗಳು. ಮೂಲವನ್ನು ಸೂಚಿಸುವ ಪದ, ಅಂದರೆ 'ಇಂಡಿಯನ್', 'ಜಪಾನೀಸ್' ಇಂಥವು, ಬಣ್ಣಕ್ಕೂ ವಸ್ತುವಿಗೂ ನಡುವೆ ಕೂರುತ್ತದೆ ಎಂಬುದನ್ನು ಆಮೇಲೆ ಸೇರಿಸಿದರಾಯಿತು.

ಅಭ್ಯಾಸಕ್ಕೆ ಒಮ್ಮೆಗೇ ಐದು ಗುಣವಾಚಕಗಳ ಸಾಲು ಕೊಡಬೇಡಿ. ಇಂಗ್ಲಿಷ್ ಬಲ್ಲವರು ಮಾತಿನಲ್ಲಾಗಲಿ ಬರಹದಲ್ಲಾಗಲಿ ಒಂದು ನಾಮಪದಕ್ಕೆ ಎರಡು ಮೂರಕ್ಕಿಂತ ಹೆಚ್ಚು ಗುಣವಾಚಕ ಹೊರಿಸುವುದು ವಿರಳ. ಐದರ ಸಾಲು ಪರೀಕ್ಷೆಗಾಗಿಯೇ ಕಟ್ಟಿದ್ದು. ಐದು ಪದಗಳನ್ನು 120 ಬಗೆಯಲ್ಲಿ ಜೋಡಿಸಬಹುದು, ಅವುಗಳಲ್ಲಿ ಒಂದನ್ನು ಆರಿಸು ಎಂದರೆ ಯಾವ ಮಗುವಾದರೂ ಕಂಗಾಲಾಗುತ್ತದೆ. ಅದರ ಬದಲು ಅಕ್ಕಪಕ್ಕದ ಎರಡೆರಡು ಗುಂಪುಗಳ ಜೋಡಿ ಮಾಡಿ: ಅಭಿಪ್ರಾಯ ಮತ್ತು ಗಾತ್ರಕ್ಕೆ 'ನೈಸ್ ಬಿಗ್', ಗಾತ್ರ ಮತ್ತು ವಯಸ್ಸಿಗೆ 'ಬಿಗ್ ಓಲ್ಡ್', ವಯಸ್ಸು ಮತ್ತು ಬಣ್ಣಕ್ಕೆ 'ಓಲ್ಡ್ ಬ್ಲ್ಯಾಕ್', ಬಣ್ಣ ಮತ್ತು ವಸ್ತುವಿಗೆ 'ಬ್ಲ್ಯಾಕ್ ಸ್ಟೋನ್'. ಇವು ನಾಲ್ಕೇ. ಒಂದರ ಬಾಲ ಇನ್ನೊಂದರ ತಲೆಯಾಗಿರುವುದರಿಂದ ಮಾಲೆಯಂತೆ ಕೋದರೆ ಇಡೀ ಸಾಲು ಬರುತ್ತದೆ. ಮನೆಯ ವಸ್ತುಗಳನ್ನೇ ತೋರಿಸಿ ದಿನಕ್ಕೆ ಒಂದು ಜೋಡಿಯಂತೆ ಹೇಳಿಸಿ. ಅಡಿಗೆಮನೆಯ ಕೊಡಪಾನವೂ ಅಂಗಳದ ಬೆಕ್ಕೂ ಇದಕ್ಕೆ ಸಾಕು.

ತಪ್ಪು ಬಂದಾಗ ಸರಿಯುತ್ತರವನ್ನು ಬರೆದುಕೊಡುವ ಮೊದಲು ತಪ್ಪು ಎಲ್ಲಿ ಆಗಿದೆ ಎಂದು ನೋಡಿ. ವಸ್ತುವಾಚಕ ಮುಂದೆ ಓಡಿದ್ದರೆ ಒಳಗೆ 'ಮರದ' ಎಂಬ ಪ್ರತ್ಯಯ ಕೆಲಸ ಮಾಡುತ್ತಿದೆ. ರೇಷ್ಮೆ ಸೀರೆಯನ್ನು ನೆನಪಿಸಿ. 'ಬ್ಯೂಟಿಫುಲ್' ನಾಮಪದಕ್ಕೆ ಅಂಟಿದ್ದರೆ, ಮುಖ್ಯವೆನಿಸಿದ್ದನ್ನು ನಾಮಪದದ ಹತ್ತಿರ ತರುವ ನಮ್ಮ ಮಾತಿನ ಒಲವು ಅದು. ಜಗಳದ ಪರೀಕ್ಷೆ ಮಾಡಿಸಿ. ಈ ಎರಡು ತುದಿ ಸರಿಯಿದ್ದು ನಡುವಿನ ಮೂರು ಮಾತ್ರ ಕಲಸಿದ್ದರೆ 'ಬಿಗ್ ಓಲ್ಡ್ ಬ್ಲ್ಯಾಕ್' ಎಂಬುದನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಸಿದರಾಯಿತು. ನಿಮ್ಮ ಮಗಳ ಉತ್ತರದಲ್ಲಿ ಎರಡು ತುದಿಗಳೂ ತಿರುವುಮುರುವಾಗಿವೆ, ನಡುವೆ 'ಓಲ್ಡ್' ಮತ್ತು 'ಸ್ಮಾಲ್' ಅದಲುಬದಲಾಗಿವೆ. 'ಬ್ರೌನ್' ಮಾತ್ರ ತನ್ನ ನಾಲ್ಕನೆಯ ಜಾಗದಲ್ಲಿಯೇ ಇದೆ. ಮೊದಲು ತುದಿಗಳಿಂದ ಆರಂಭಿಸಿ. 'ವುಡನ್' ಒಂದು ತನ್ನ ಜಾಗಕ್ಕೆ ಬಂದು ಕುಳಿತರೆ ಉಳಿದವನ್ನು ಆಕೆಯೇ ಕೂರಿಸಿಯಾಳು.